ಫ್ಲೋರೈಡ್ ಪೀಕ್‌ನೊಳಗೆ ಅಡಗಿದ್ದ ಅಸಿಟೇಟ್

ಪಾವಗಡ ಕಡೆಯ ಒಂದು ಕೊಳವೆಬಾವಿಯ ನೀರಿನಲ್ಲಿ, ಅಯಾನುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಪೀಕ್ ಆಗಿ ತೋರಿಸುವ ನಮ್ಮ ಅಯಾನ್ ಕ್ರೊಮ್ಯಾಟೋಗ್ರಾಫ್ ಲೀಟರಿಗೆ 1.6 ಮಿ.ಗ್ರಾಂ ಫ್ಲೋರೈಡ್ ತೋರಿಸಿತು. ಅದೇ ನೀರಿಗೆ ಫ್ಲೋರೈಡ್ ಎಲೆಕ್ಟ್ರೋಡ್ ಕೊಟ್ಟದ್ದು 1.1. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ 1.5 ಆಗಿರುವುದರಿಂದ, ಈ ವ್ಯತ್ಯಾಸವನ್ನು ಬಗೆಹರಿಸದೆ ವರದಿಗೆ ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ.

ನಾನು ಬಳಸುತ್ತಿದ್ದ ಎಲ್ಯುಯೆಂಟ್, ಅಂದರೆ ಸ್ಯಾಂಪಲನ್ನು ಕಾಲಮ್ ಮೂಲಕ ಒಯ್ಯುವ ದ್ರಾವಣ, 4.5 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್ ಮತ್ತು 1.4 ಮಿಲಿಮೋಲಾರ್ ಬೈಕಾರ್ಬೊನೇಟ್‌ನ ಮಿಶ್ರಣ. ಕಾಲಮ್ ಮತ್ತು ವಾಹಕತೆ ಅಳೆಯುವ ಡಿಟೆಕ್ಟರ್ ನಡುವೆ ಇರುವ ಸಪ್ರೆಸರ್ ತನ್ನ ಪೊರೆಯ ಮೂಲಕ ಸೋಡಿಯಂ ಅಯಾನುಗಳನ್ನು ಹೊರಗೆ ಕಳಿಸಿ ಅವುಗಳ ಜಾಗಕ್ಕೆ ಹೈಡ್ರೋಜನ್ ಅಯಾನುಗಳನ್ನು ತರುತ್ತದೆ. ಆಗ ಕಾರ್ಬೊನೇಟ್ ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗಿ ಹಿನ್ನೆಲೆ ವಾಹಕತೆ ತೀರಾ ಇಳಿಯುತ್ತದೆ. ಕ್ಲೋರೈಡ್ ಮಾತ್ರ ಹೈಡ್ರೋಕ್ಲೋರಿಕ್ ಆಮ್ಲವಾಗಿ, ಸೋಡಿಯಂಗಿಂತ ಏಳು ಪಟ್ಟು ಚುರುಕಾದ ಹೈಡ್ರೋಜನ್ ಅಯಾನಿನ ಬಲದಿಂದ ಎತ್ತರದ ಪೀಕ್ ಕೊಡುತ್ತದೆ. ಆದರೆ ಕಾರ್ಬೊನಿಕ್ ಆಮ್ಲ ಪೂರ್ತಿ ಮೌನವಾಗಿರುವುದಿಲ್ಲ. ಸ್ಯಾಂಪಲ್‌ನ ಬರಿಯ ನೀರು ಡಿಟೆಕ್ಟರ್ ದಾಟುವಾಗ ಆ ಆಮ್ಲವಿಲ್ಲದೆ ಬೇಸ್‌ಲೈನ್ ಕುಸಿಯುತ್ತದೆ, ಮತ್ತು ಫ್ಲೋರೈಡ್ ಬರುವುದು ಆ ತಗ್ಗಿನ ಪಕ್ಕದಲ್ಲೇ.

ಮೊದಲು ಈ ತಗ್ಗನ್ನೇ ಸಂಶಯಿಸಿದೆ. ಪ್ರತಿ 100 ಮಿ.ಲೀ. ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್‌ಗೂ ನೂರು ಪಟ್ಟು ಸಾಂದ್ರ ಎಲ್ಯುಯೆಂಟ್ 1 ಮಿ.ಲೀ. ಸೇರಿಸಿದಾಗ ತಗ್ಗು ಮಾಯವಾಯಿತು, ಆದರೆ ಫಲಿತಾಂಶ ಅಷ್ಟೇ ಉಳಿಯಿತು. ಬಳಿಕ ಸ್ಯಾಂಪಲ್‌ಗೆ ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ ನೋಡಿದರೆ ರಿಕವರಿ ಶೇಕಡಾ 98 ಬಂತು. ಇಲ್ಲಿಯೇ ಅನೇಕರು ಎಡವುತ್ತಾರೆ: ಜೊತೆಗೆ ಬರುವ ಅಯಾನು ಪ್ರತಿ ಇಂಜೆಕ್ಷನ್‌ನಲ್ಲೂ ಅಷ್ಟೇ ಪ್ರಮಾಣದಲ್ಲಿ ಕೂಡಿಕೊಳ್ಳುವುದರಿಂದ, ಸೇರಿಸಿದ ಫ್ಲೋರೈಡ್ ಸರಿಯಾಗಿಯೇ ಮರಳಿ ಸಿಗುತ್ತದೆ, ಮೂಲ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

ಪೀಕ್ ಅನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಅದರ ಇಳಿಜಾರಿನಲ್ಲಿ ಸಣ್ಣದೊಂದು ಉಬ್ಬು ಕಂಡಿತು. ಬಾವಿಯ ಪಕ್ಕದಲ್ಲೇ ತಿಪ್ಪೆಗುಂಡಿ ಇತ್ತೆಂಬುದು ನೆನಪಾಗಿ, ಕೊಳೆಯುವ ಕಸದಿಂದ ಅಸಿಟೇಟ್ ಬಂದಿರಬಹುದೆಂದು ಊಹಿಸಿ, 1 ಮಿ.ಗ್ರಾಂ ಫ್ಲೋರೈಡ್ ಸ್ಟ್ಯಾಂಡರ್ಡ್‌ಗೆ 5 ಮಿ.ಗ್ರಾಂ ಅಸಿಟೇಟ್ ಸೇರಿಸಿ ಓಡಿಸಿದೆ. ಅದೇ ಜಾಗದಲ್ಲಿ ಅದೇ ಉಬ್ಬು ಮೂಡಿತು. ಎಲ್ಯುಯೆಂಟ್ ಅನ್ನು ಅರ್ಧಕ್ಕೆ ತೆಳುಗೊಳಿಸಿದಾಗ ಎರಡೂ ಸ್ವಲ್ಪ ಬೇರ್ಪಟ್ಟವು, ಆದರೆ ನಡುವಿನ ಕಣಿವೆ ಬೇಸ್‌ಲೈನ್ ಮುಟ್ಟಲಿಲ್ಲ. ಎರಡು ಆವೇಶದ ಸಲ್ಫೇಟ್ ಅಂತೂ ಬಹಳ ತಡವಾಗಿ, ಚಪ್ಪಟೆಯಾಗಿ ಬಂತು.

ಕೊನೆಗೆ ಹೈಡ್ರಾಕ್ಸೈಡ್‌ಗೆಂದೇ ತಯಾರಾದ ಕಾಲಮ್ ಹಾಕಿ, 8 ಮಿಲಿಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಆರಂಭಿಸಿ, ಅಸಿಟೇಟ್ ಹೊರಬಂದ ನಂತರ 40ಕ್ಕೆ ಏರಿಸಿದೆ. ಆರಂಭದ ತೆಳು ಎಲ್ಯುಯೆಂಟ್ ಫ್ಲೋರೈಡ್ ಮತ್ತು ಅಸಿಟೇಟ್ ನಡುವೆ ಅಂತರ ಕೊಡುತ್ತದೆ. ಆನಂತರದ ಏರಿಕೆ ಸಲ್ಫೇಟನ್ನು ಬೇಗ ಹೊರತರುತ್ತದೆ. ಸಪ್ರೆಸರ್ ಹೈಡ್ರಾಕ್ಸೈಡನ್ನು ನೀರಾಗಿಸುವುದರಿಂದ ಆ ತಗ್ಗಿನ ತೊಂದರೆಯೂ ಬಹುಮಟ್ಟಿಗೆ ಇರಲಿಲ್ಲ. ಫ್ಲೋರೈಡ್ 1.1 ಬಂತು, ಅಸಿಟೇಟ್ ಪ್ರತ್ಯೇಕ ಪೀಕ್ ಆಗಿ ನಿಂತಿತು. ಆದರೆ ಬಾವಿ ನೀರಿನ ಬೈಕಾರ್ಬೊನೇಟ್ ಈ ವಿಧಾನದಲ್ಲಿ ಸಲ್ಫೇಟ್ ಸಮೀಪ ಅಗಲವಾದ ಪೀಕ್ ಆಗಿ ಬರುತ್ತದೆ. ಆದ್ದರಿಂದ ಅಂಥ ನೀರಿನ ಸಲ್ಫೇಟನ್ನು ನಾನು ಇಂದಿಗೂ ಕಾರ್ಬೊನೇಟ್ ಎಲ್ಯುಯೆಂಟ್‌ನಲ್ಲೇ ಅಳೆಯುತ್ತೇನೆ.