ಡೆಮೊ ತರಗತಿಯ ನಂತರ ಪೋಷಕರು ಮೌನವಾಗುತ್ತಿದ್ದರು: ಟ್ಯೂಷನ್ ಕೇಂದ್ರದಲ್ಲಿ ನನ್ನ ಅನುಭವ

ಸಮಸ್ಯೆ ಇಷ್ಟೇ: ವಿಚಾರಣೆಗಳು ಬರುತ್ತಿದ್ದವು, ಮಕ್ಕಳು ಡೆಮೊ ತರಗತಿಗೂ ಕುಳಿತು ಹೋಗುತ್ತಿದ್ದರು, ದಾಖಲಾತಿ ಮಾತ್ರ ಆಗುತ್ತಿರಲಿಲ್ಲ.

ಕರಪತ್ರ ಹೆಚ್ಚಿಸಿದೆ, ವಾರಕ್ಕೆ ಎರಡು ಪಾಠದ ವಿಡಿಯೊ ಹಾಕಿದೆ, ಶುಲ್ಕದಲ್ಲಿ ರಿಯಾಯಿತಿ ಕೊಟ್ಟೆ. ವಿಚಾರಣೆ ಹೆಚ್ಚಿತು, ದಾಖಲಾತಿ ಅಷ್ಟೇ ಉಳಿಯಿತು.

ಫಲ ಕೊಟ್ಟದ್ದು ಪ್ರಯಾಣದ ನಕ್ಷೆ, ಅಂದರೆ ವಿಚಾರಣೆಯಿಂದ ಶುಲ್ಕ ಪಾವತಿಯವರೆಗೆ ಪೋಷಕರು ದಾಟುವ ಹಂತಗಳ ಪಟ್ಟಿ, ಅದೂ ಕೊನೆಯಿಂದ ಹಿಂದಕ್ಕೆ ಬರೆದಾಗ. ವಿಚಾರಣಾ ಪುಸ್ತಕ ಮತ್ತು ವಾಟ್ಸ್ಆ್ಯಪ್ ಸಂದೇಶಗಳಿಂದ ಪೋಷಕರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಎತ್ತಿಕೊಂಡೆ. ಸೇರದೆ ಹೋದವರಿಗೂ ಕರೆ ಮಾಡಿ ಕೇಳಿದೆ. ಇದನ್ನು ಬಿಟ್ಟರೆ ನಕ್ಷೆ ಅರ್ಧವೇ. ನಂತರ ನಾಲ್ಕು ಅಂಕಣ ಹಾಕಿದೆ: ಹಂತ, ನಿರ್ಧರಿಸುವವರು, ಅವರ ಪ್ರಶ್ನೆ, ಆಗ ನಾವು ಕೊಟ್ಟದ್ದು.

ಡೆಮೊ ಮತ್ತು ಶುಲ್ಕ ಪಾವತಿಯ ನಡುವಿನ ಸಾಲಿನಲ್ಲಿ ಕೊನೆಯ ಅಂಕಣ ಖಾಲಿ. ಡೆಮೊಗೆ ತಾಯಿ ಬಂದಿದ್ದರೆ, ಮನೆಯಲ್ಲಿ ತಂದೆ ಪ್ರಶ್ನೆ ಕೇಳುತ್ತಿದ್ದರು. ಅವರಿಗೆ ತೋರಿಸಲು ತಾಯಿಯ ಕೈಯಲ್ಲಿ ಏನೂ ಇರಲಿಲ್ಲ. ನನ್ನ ವಿಡಿಯೊಗಳೆಲ್ಲ ನಮ್ಮ ಹೆಸರನ್ನೇ ಕೇಳದವರಿಗಾಗಿ ಇದ್ದವು.

ಆದ್ದರಿಂದ ಒಂದೇ ಪುಟದ ಟಿಪ್ಪಣಿ ಮಾಡಿದೆ. ಮೊದಲು ಡೆಮೊದಲ್ಲಿ ಆ ಮಗುವಿನಲ್ಲಿ ಶಿಕ್ಷಕರು ಕಂಡದ್ದು, ಉದಾಹರಣೆಗೆ "ಭಿನ್ನರಾಶಿ ಕೂಡುತ್ತಾಳೆ, ಛೇದ ಬೇರೆಯಾದರೆ ತಡವರಿಸುತ್ತಾಳೆ". ಬಳಿಕ ಬ್ಯಾಚಿನಲ್ಲಿ ಎಷ್ಟು ಮಕ್ಕಳು, ತಪ್ಪಿದ ತರಗತಿಗೆ ಏನು ವ್ಯವಸ್ಥೆ, ಪ್ರಗತಿಯನ್ನು ಯಾವಾಗ ತಿಳಿಸುತ್ತೇವೆ. ಶುಲ್ಕ ಕೊನೆಗೆ. ಡೆಮೊ ನಡೆದ ಸಂಜೆಯೇ ಕಳುಹಿಸಿ, ಮೂರನೆಯ ದಿನ ಒಮ್ಮೆ ಮಾತ್ರ ಕರೆ ಮಾಡುತ್ತೇನೆ. ಮಗುವಿನ ಬಗ್ಗೆ ಬರೆಯುವ ಆ ಸಾಲನ್ನು ಎಲ್ಲರಿಗೂ ನಕಲು ಮಾಡಿದ ವಾರ ಮೌನ ಮರಳಿತು. ಅದನ್ನು ಪ್ರತಿ ಬಾರಿ ಹೊಸದಾಗಿಯೇ ಬರೆಯಬೇಕು.