ಹೊಸ ನಟರಿಗೆ ಕಾಲ್ ಶೀಟ್: ನನಗೆ ಸರಿಹೋದ ಲೆಕ್ಕ

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲಾಟಿನಲ್ಲಿ ಕನ್ನಡ ಕಿರುಚಿತ್ರದ ಶೂಟಿಂಗ್. ನಾಲ್ವರು ನಟರೂ ಕ್ಯಾಮೆರಾಕ್ಕೆ ಹೊಸಬರು. ಮೊದಲ ದಿನ ಎಲ್ಲರಿಗೂ ಬೆಳಿಗ್ಗೆ 7 ಗಂಟೆಗೆ ಸೆಟ್ಟಿಗೆ ಬರಬೇಕು ಅಂತ ಕಾಲ್ ಕೊಟ್ಟೆ. ಮೊದಲ ಶಾಟ್ ಆಗಿದ್ದು 10:40ಕ್ಕೆ. ಅಜ್ಜಿ ಪಾತ್ರದವರ ಸರದಿ 3ಕ್ಕೆ ಬಂತು. ಅಷ್ಟರಲ್ಲಿ ಅವರು ಬಾಯಿಪಾಠ ಮಾಡಿದ್ದೆಲ್ಲ ಮರೆತಿದ್ದರು.

ಕಾಲ್ 6ಕ್ಕೆ ಎಳೆದೆ. ಕಾಯುವುದು ಜಾಸ್ತಿ ಆಯಿತು, ಅಷ್ಟೇ. ಶಾಟ್ ಕಡಿಮೆ ಮಾಡಿದರೂ ಉಪಯೋಗವಾಗಲಿಲ್ಲ.

ಕೊನೆಗೆ ಹಿಂದಿನಿಂದ ಲೆಕ್ಕ ಹಾಕಿದೆ. ಅಜ್ಜಿಯ ಮೊದಲ ಶಾಟ್ 10:30. ಅದಕ್ಕೂ ಮೊದಲು ಮೇಕಪ್, ಸೀರೆಗೆ 40 ನಿಮಿಷ. ಲೈಟಿಂಗೂ ಆಗಲೇ ನಡೆಯಬೇಕು. ಅದಕ್ಕೂ ಮೊದಲು ಅದೇ ಅಡುಗೆಮನೆಯಲ್ಲಿ 20 ನಿಮಿಷ ರಿಹರ್ಸಲ್. ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತಾದ ಮೇಲೆಯೇ ಲೈಟ್ ಇಡಬೇಕು, ಅಲ್ವಾ? ಚಹಾಕ್ಕೆ, ಲೋಕಲ್ ರೈಲು ತಡವಾದರೆ ಅಂತ 30. ಒಟ್ಟು 90, ಅಂದರೆ ಅಜ್ಜಿಯ ಕಾಲ್ 9:00.

ಯೂನಿಟ್ ಮಾತ್ರ 7:30ಕ್ಕೆ. ಅವರು 9:30ರೊಳಗೆ ನಟರಿಲ್ಲದ ಶಾಟ್ ಮುಗಿಸುತ್ತಾರೆ: ಕುದಿಯುವ ಹಾಲು, ಗಡಿಯಾರ.

ದೃಶ್ಯಗಳ ಕ್ರಮವನ್ನೂ ಬದಲಿಸಿದೆ. ಮೊದಲು ಮಾತಿಲ್ಲದ, ಬಾಗಿಲು ತೆರೆಯುವ ದೃಶ್ಯ. ಅಳುವ ದೃಶ್ಯ ಅದರ ನಂತರ, ಊಟಕ್ಕೆ ಮೊದಲೇ. ವಾಟ್ಸಾಪಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಸಮಯ ಮಾತ್ರ ಕಳಿಸಿದೆ. ಪೂರ್ತಿ ಶೀಟ್ ಕಳಿಸಿದಾಗ ಯೂನಿಟ್ಟಿನ ಸಮಯವನ್ನೇ ತಮ್ಮದು ಅಂದುಕೊಂಡಿದ್ದರು.

ನಾಲ್ವರೂ ಒಟ್ಟಿಗಿರುವ ದೃಶ್ಯಕ್ಕೆ ಈ ಲೆಕ್ಕ ಸಾಲದು. ಅದನ್ನು ಊಟ ಮುಗಿದ ತಕ್ಷಣ ಇಟ್ಟೆ.