ದಿನಾಂಕ ಬದಲಾಯಿತು, ಪೋಸ್ಟರ್‌ ಉಳಿಯಿತು: ಹಳೆಯ ಸಾಲು ಅಳಿಸಿ ಹೊಸದು ಬರೆಯುವ ಬಗೆ

ನಮ್ಮ ಊರಿನ ಉಚಿತ ನೇತ್ರ ತಪಾಸಣಾ ಶಿಬಿರಕ್ಕೆ ಐದು ದಿನ ಬಾಕಿ ಇರುವಾಗ ವೈದ್ಯರ ತಂಡದಿಂದ ಫೋನ್‌ ಬಂತು. ಸೆಪ್ಟೆಂಬರ್‌ 14ರ ಭಾನುವಾರ ಆಗುವುದಿಲ್ಲ, 21ಕ್ಕೆ ಇಟ್ಟುಕೊಳ್ಳಿ ಎಂದರು. 21ರಂದು ಸಮುದಾಯ ಭವನದಲ್ಲಿ ಮದುವೆ ಇದ್ದುದರಿಂದ ಜಾಗವೂ ಸರ್ಕಾರಿ ಶಾಲೆಗೆ ಬದಲಾಯಿತು. ಪೋಸ್ಟರ್‌ ಮಾಡಿಕೊಟ್ಟ ಡಿಟಿಪಿ ಅಂಗಡಿಯವರು ಊರಲ್ಲಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ಒಂದು ಚಿತ್ರ ಮಾತ್ರ. ಅದರಲ್ಲೇ ಕೆಲವು ಸಾಲು ತಿದ್ದಬೇಕಾಗಿತ್ತು.

ಮೊದಲು ಒಂದು ವಿಷಯ ತಿಳಿದಿರಲಿ. ಚಿತ್ರವಾಗಿ ಬಂದ ಪೋಸ್ಟರ್‌ನಲ್ಲಿ ಅಕ್ಷರಗಳೇ ಇರುವುದಿಲ್ಲ, ಬಣ್ಣದ ಚುಕ್ಕೆಗಳಷ್ಟೇ ಇರುತ್ತವೆ. ವರ್ಡ್‌ ಕಡತದಲ್ಲಿ ಮಾಡುವಂತೆ 14ರ ಮೇಲೆ ಕರ್ಸರ್‌ ಇಟ್ಟು 21 ಎಂದು ಒತ್ತಲು ಬರುವುದಿಲ್ಲ. ಅಕ್ಷರವಿದ್ದ ಜಾಗದಲ್ಲಿ ಅದು ಎಂದೂ ಇರಲಿಲ್ಲವೆಂಬಂತೆ ಹಿನ್ನೆಲೆಯನ್ನು ತುಂಬಬೇಕು, ಆಮೇಲೆ ಅದರ ಮೇಲೆ ಹೊಸದಾಗಿ ಬರೆಯಬೇಕು. ತುಂಬುವುದು ಎಷ್ಟು ಸುಲಭ ಎಂಬುದು ಹಿನ್ನೆಲೆಯನ್ನು ಅವಲಂಬಿಸಿದೆ. ಬರೆಯುವ ಕಷ್ಟ ಕನ್ನಡದ ಫಾಂಟ್‌ನಲ್ಲಿದೆ.

ನಾನು ಬಳಸಿದ್ದು ಫೋಟೊಪಿಯಾ ಎಂಬ ಆನ್‌ಲೈನ್‌ ಚಿತ್ರ ಸಂಪಾದಕ. ಬ್ರೌಸರ್‌ನಲ್ಲಿ www.photopea.com ತೆರೆದರೆ ಸಾಕು, ಖಾತೆ ಬೇಡ, ಹಣವೂ ಬೇಡ. ಪಕ್ಕದಲ್ಲಿ ಜಾಹೀರಾತು ಕಾಣಿಸುತ್ತದೆ, ಅಷ್ಟೆ. ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಇದರಲ್ಲಿ ತೆರೆದ ಚಿತ್ರ ನಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ, ಅವರ ಸರ್ವರ್‌ಗೆ ಹೋಗುವುದಿಲ್ಲ. ನಮ್ಮ ಪೋಸ್ಟರ್‌ನಲ್ಲಿ ಮೂವರು ಸ್ವಯಂಸೇವಕರ ಮೊಬೈಲ್‌ ಸಂಖ್ಯೆಗಳಿದ್ದವು, ಹಾಗಾಗಿ ಇದು ನನಗೆ ಮುಖ್ಯವಾಗಿತ್ತು. ಕ್ಯಾನ್ವಾದಂಥ ತಾಣಗಳಲ್ಲಿ ಖಾತೆ ತೆರೆದು ಚಿತ್ರವನ್ನು ಅವರಲ್ಲಿಗೆ ಏರಿಸಬೇಕಾಗುತ್ತದೆ. ಮೊಬೈಲ್‌ನಲ್ಲೂ ಫೋಟೊಪಿಯಾ ತೆರೆಯುತ್ತದೆ, ಆದರೆ ಇಂಥ ಸೂಕ್ಷ್ಮ ಕೆಲಸಕ್ಕೆ ಮೌಸ್‌ ಇರುವ ಕಂಪ್ಯೂಟರೇ ಸರಿ.

ಚಿತ್ರ ತೆರೆಯುವ ಮುನ್ನ ಕಳುಹಿಸಿದವರನ್ನು ಒಮ್ಮೆ ಕೇಳಿ: ಅದೇ ಕಡತವನ್ನು ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್‌ ಆಗಿ ಕಳುಹಿಸಬಹುದೇ? ಫೋಟೊ ಆಗಿ ಬಂದಾಗ ವಾಟ್ಸ್‌ಆ್ಯಪ್‌ ಅದನ್ನು ಕುಗ್ಗಿಸಿರುತ್ತದೆ. ನನಗೆ ಸಿಕ್ಕಿದ್ದು 905 ಚುಕ್ಕೆ ಅಗಲ, 1280 ಚುಕ್ಕೆ ಎತ್ತರದ ಚಿತ್ರ. ಕುಗ್ಗಿದ ಚಿತ್ರದಲ್ಲಿ ಪ್ರತಿ ಅಕ್ಷರದ ಸುತ್ತಲೂ ಮಸುಕಾದ ಕೊಳೆಯಂಥ ಒಂದು ಪ್ರಭಾವಳಿ ಇರುತ್ತದೆ. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದರೆ ಅದು ಕಾಣುತ್ತದೆ. ಮುಂದೆ ತೊಂದರೆ ಕೊಡುವುದು ಇದೇ.

ಅಳಿಸುವುದು

ಫೋಟೊಪಿಯಾದ ಕಿಟಕಿಗೆ ಚಿತ್ರವನ್ನು ಎಳೆದು ಬಿಟ್ಟರೆ ಅದು ತೆರೆದುಕೊಳ್ಳುತ್ತದೆ. ಬಲಗಡೆಯ Layers ಪಟ್ಟಿಯಲ್ಲಿ ಈಗ ಒಂದೇ ಪದರ ಇರುತ್ತದೆ. ಅದನ್ನು ಮುಟ್ಟಬೇಡಿ. ಅಳಿಸುವ ಕೆಲಸವನ್ನೆಲ್ಲ ಅದರ ಮೇಲೆ ಹೊಸ ಪದರ ಹಾಕಿಕೊಂಡು ಮಾಡಿ. ಹೀಗೆ ಮಾಡಿದರೆ ಕೆಳಗಿನ ಹಳೆಯ ಸಾಲು ಹಾಗೆಯೇ ಉಳಿದಿರುತ್ತದೆ. ಅದರ ಪ್ರಯೋಜನ ಬರೆಯುವಾಗ ಗೊತ್ತಾಗುತ್ತದೆ.

ನಮ್ಮ ಪೋಸ್ಟರ್‌ನಲ್ಲಿ ದಿನಾಂಕ ಇದ್ದದ್ದು ಒಂದೇ ಬಣ್ಣದ ಹಳದಿ ಪಟ್ಟಿಯ ಮೇಲೆ. ಇದು ಎಲ್ಲಕ್ಕಿಂತ ಸುಲಭವಾದ ಹಿನ್ನೆಲೆ. ಕೀಲಿಮಣೆಯಲ್ಲಿ I ಒತ್ತಿದರೆ ಬಣ್ಣ ಹೀರುವ ಉಪಕರಣ ಬರುತ್ತದೆ. ಅಕ್ಷರಕ್ಕೆ ತಾಗದಂತೆ, ಪಟ್ಟಿಯ ಖಾಲಿ ಜಾಗದಲ್ಲಿ ಕ್ಲಿಕ್‌ ಮಾಡಿ. ನಂತರ M ಒತ್ತಿ, ಅಳಿಸಬೇಕಾದ ಜಾಗದ ಸುತ್ತ ಚೌಕ ಎಳೆಯಿರಿ. Edit ಮೆನುವಿನಲ್ಲಿ Fill ಆರಿಸಿ, Foreground ಬಣ್ಣ ತುಂಬಿ. Ctrl+D ಒತ್ತಿದರೆ ಚೌಕ ಹೋಗುತ್ತದೆ.

ಮೊದಲ ಸಲ ನಾನು 14 ಎಂಬ ಎರಡು ಅಂಕಿಗಳ ಸುತ್ತ ಮಾತ್ರ ಬಿಗಿಯಾಗಿ ಚೌಕ ಎಳೆದೆ. ಅಂಕಿಗಳು ಹೋದವು, ಆದರೆ ಅವುಗಳ ಪ್ರಭಾವಳಿ ಚೌಕದ ಹೊರಗೆ ಉಳಿದು ಹಳೆಯ ಅಂಕಿಯ ನೆರಳಿನಂತೆ ಕಾಣುತ್ತಿತ್ತು. ಜೊತೆಗೆ ತುಂಬಿದ ಹಳದಿಗೂ ಸುತ್ತಲಿನ ಹಳದಿಗೂ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿತ್ತು, ಏಕೆಂದರೆ ಕುಗ್ಗಿದ ಚಿತ್ರದಲ್ಲಿ ಒಂದೇ ಬಣ್ಣದಂತೆ ಕಾಣುವ ಜಾಗವೂ ನಿಜವಾಗಿ ಒಂದೇ ಬಣ್ಣವಾಗಿರುವುದಿಲ್ಲ. ತೇಪೆ ಹಾಕಿದ್ದು ಎದ್ದು ಕಾಣುತ್ತಿತ್ತು. ಪರಿಹಾರ ಸರಳ: ಅಂಕಿಯನ್ನಷ್ಟೇ ಅಳಿಸಬೇಡಿ, ಪಟ್ಟಿಯನ್ನು ಅಂಚಿನಿಂದ ಅಂಚಿನವರೆಗೆ ಹೊಸದಾಗಿ ತುಂಬಿ, ಸಾಲನ್ನು ಪೂರ್ತಿ ಮರಳಿ ಬರೆಯಿರಿ. ತೇಪೆಯ ಅಂಚು ಪಟ್ಟಿಯ ಅಂಚಿನೊಂದಿಗೇ ಸೇರಿಹೋಗುತ್ತದೆ.

ಸ್ಥಳದ ಹೆಸರಿನ ಹಿಂದೆ ಇದ್ದದ್ದು ಮೇಲಿನಿಂದ ಕೆಳಕ್ಕೆ ಗಾಢ ನೀಲಿಯಿಂದ ತಿಳಿ ನೀಲಿಗೆ ಇಳಿಯುವ ಬಣ್ಣ. ಇಲ್ಲಿ ಒಂದೇ ಬಣ್ಣ ತುಂಬಿದರೆ ಕೆಟ್ಟಿತೆಂದೇ ಅರ್ಥ. ಅದರ ಬದಲು ಕೆಳಗಿನ ಮೂಲ ಪದರವನ್ನು ಆರಿಸಿಕೊಂಡು, ಅಕ್ಷರಗಳ ಎಡಕ್ಕೆ ಏನೂ ಬರೆಯದಿರುವ ಜಾಗದಲ್ಲಿ, ಸಾಲಿನಷ್ಟು ಎತ್ತರದ, ಹತ್ತು ಚುಕ್ಕೆ ಅಗಲದ ಒಂದು ಸೀಳನ್ನು M ಉಪಕರಣದಿಂದ ಗುರುತಿಸಿ. Ctrl+J ಒತ್ತಿದರೆ ಅಷ್ಟು ಭಾಗ ಬೇರೆ ಪದರವಾಗಿ ಬರುತ್ತದೆ. Edit ಮೆನುವಿನ Free Transform ಆರಿಸಿ, ಸೀಳಿನ ಬಲಬದಿಯ ನಡುವಿನ ಹಿಡಿಯನ್ನು ಹಿಡಿದು ಸಾಲಿನ ಕೊನೆ ದಾಟುವವರೆಗೆ ಎಳೆಯಿರಿ. ಬಣ್ಣದ ಇಳಿತ ಮೇಲಿನಿಂದ ಕೆಳಕ್ಕೆ ಹೇಗಿತ್ತೋ ಹಾಗೆಯೇ ಇದ್ದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಹಳೆಯ ಸಾಲು ಅದರಡಿ ಮುಚ್ಚಿಹೋಗುತ್ತದೆ. ಬಣ್ಣ ಎಡದಿಂದ ಬಲಕ್ಕೆ ಬದಲಾಗುತ್ತಿದ್ದರೆ ಅಡ್ಡ ಸೀಳು ತೆಗೆದು ಕೆಳಕ್ಕೆ ಎಳೆಯಬೇಕು. ಓರೆಯಾಗಿ ಇಳಿಯುವ ಬಣ್ಣಕ್ಕೂ ಸೂರ್ಯಕಿರಣದಂತೆ ಹರಡಿದ ಹಿನ್ನೆಲೆಗೂ ಈ ಉಪಾಯ ನಡೆಯುವುದಿಲ್ಲ.

ಪೋಸ್ಟರ್‌ನ ಕೆಳಭಾಗದಲ್ಲಿ ಹಿಂದಿನ ಶಿಬಿರದ ಫೋಟೊ ಇತ್ತು, ಅದರ ಮೇಲೆ ನೋಂದಣಿಯ ಕೊನೆಯ ದಿನ. ಅದನ್ನೂ ಬದಲಿಸಬೇಕಿತ್ತು. ಮೂಲ ಪದರವನ್ನು ಆರಿಸಿ Ctrl+J ಒತ್ತಿ ಅದರ ನಕಲು ಮಾಡಿಕೊಂಡು, ಆ ನಕಲಿನಲ್ಲಿ Spot Healing Brush ಎಂಬ ಕುಂಚವನ್ನು ಅಕ್ಷರಗಳ ಮೇಲೆ ಎಳೆದರೆ ಅದು ಸುತ್ತಲಿನ ಚಿತ್ರವನ್ನು ನೋಡಿ ತಾನೇ ತುಂಬುತ್ತದೆ. ಗೋಡೆ, ಆಕಾಶ, ಹುಲ್ಲಿನ ಮೇಲೆ ಇದು ಅಚ್ಚರಿಯಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಮ್ಮ ಫೋಟೊದಲ್ಲಿ ಅಕ್ಷರಗಳ ಹಿಂದೆ ಇದ್ದದ್ದು ಸಾಲಾಗಿ ಕುಳಿತ ಅಜ್ಜಿಯರ ಮುಖಗಳು. ಕುಂಚ ಒಬ್ಬರ ಕೆನ್ನೆಯನ್ನು ಇನ್ನೊಬ್ಬರ ಸೆರಗಿಗೆ ಬೆಸೆಯಿತು. ಅಕ್ಷರದಡಿ ಮುಚ್ಚಿಹೋದ ಮುಖ ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ, ಯಾವ ಉಪಕರಣವೂ ಅದನ್ನು ಮರಳಿ ತರಲಾರದು. ಇಂಥಲ್ಲಿ ಹಟ ಹಿಡಿಯದೆ ಫೋಟೊದ ಅಡ್ಡಕ್ಕೆ ಒಂದು ಬಣ್ಣದ ಪಟ್ಟಿ ಎಳೆದು, ಅದರ ಮೇಲೆ ಬರೆಯುವುದೇ ಒಳ್ಳೆಯದು. ಹಳದಿ ಪಟ್ಟಿಯ ಬಣ್ಣವನ್ನೇ ಇಲ್ಲೂ ಬಳಸಿದೆ. ಮೊದಲಿನಿಂದಲೂ ಹಾಗೇ ಇತ್ತೇನೋ ಎಂಬಂತೆ ಹೊಂದಿಕೊಂಡಿತು.

ಕನ್ನಡದಲ್ಲಿ ಬರೆಯುವುದು

ಇಲ್ಲಿ ಅನೇಕರು ಎಡವುತ್ತಾರೆ. ಡಿಟಿಪಿ ಅಂಗಡಿಗಳಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಇಂದಿಗೂ ಬಳಕೆಯಲ್ಲಿವೆ. ಅವು ಎಲ್ಲ ಕಂಪ್ಯೂಟರ್‌, ಮೊಬೈಲ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ ಎಂಬ ಸಂಕೇತ ಕ್ರಮದಲ್ಲಿಲ್ಲ. ಹಾಗೆ ಟೈಪ್‌ ಮಾಡಿದ ‘ಕನ್ನಡ’ ಎಂಬ ಪದವನ್ನು ನಕಲು ಮಾಡಿ ಆನ್‌ಲೈನ್‌ ಸಂಪಾದಕದಲ್ಲಿ ಅಂಟಿಸಿದರೆ PÀ£ÀßqÀ ಎಂದು ಬರುತ್ತದೆ. ಹೀಗೆ ಕಂಡರೆ ತಪ್ಪು ಸಂಪಾದಕದ್ದಲ್ಲ, ಬರಹ ಯೂನಿಕೋಡ್‌ನಲ್ಲಿಲ್ಲ ಎಂದರ್ಥ. ನುಡಿಯಲ್ಲಿ ಯೂನಿಕೋಡ್‌ ಆಯ್ಕೆ ಮಾಡಿಕೊಂಡು, ಅಥವಾ ಮೊಬೈಲ್‌ನಲ್ಲಿ ಟೈಪ್‌ ಮಾಡಿ ನಿಮಗೇ ಕಳುಹಿಸಿಕೊಂಡು, ಅದನ್ನು ಅಂಟಿಸಿ.

ಇನ್ನು ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ, ಆರಿಸಿಕೊಂಡ ಫಾಂಟ್‌ನಲ್ಲಿ ಕನ್ನಡ ಇಲ್ಲ ಎಂದು ತಿಳಿಯಬೇಕು. ಗೂಗಲ್‌ ಫಾಂಟ್ಸ್‌ ತಾಣದಲ್ಲಿ ಕನ್ನಡದ ಉಚಿತ ಫಾಂಟ್‌ಗಳಿವೆ: ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ 2, ಸಾಮಾನ್ಯ ಸಾಲಿಗೆ ಅನೇಕ್‌ ಕನ್ನಡ ಅಥವಾ ನೋಟೊ ಸಾನ್ಸ್‌ ಕನ್ನಡ, ಪುಸ್ತಕದ ಅಕ್ಷರದಂತೆ ಬೇಕಿದ್ದರೆ ಟೀರೊ ಕನ್ನಡ. ಇಳಿಸಿಕೊಂಡ ಕಡತವನ್ನು ಬಿಚ್ಚಿ, ಒಳಗಿನ .ttf ಕಡತವನ್ನು ಫೋಟೊಪಿಯಾದ ಕಿಟಕಿಗೆ ಎಳೆದು ಬಿಟ್ಟರೆ ಫಾಂಟ್‌ ಪಟ್ಟಿಗೆ ಸೇರುತ್ತದೆ.

T ಒತ್ತಿ ಚಿತ್ರದ ಮೇಲೆ ಕ್ಲಿಕ್‌ ಮಾಡಿ, ಮೊದಲು ಎರಡು ಪದ ಬರೆದು ಪರೀಕ್ಷಿಸಿ: ಸೆಪ್ಟೆಂಬರ್‌, ಸರ್ಕಾರಿ. ಮೊದಲನೆಯದರಲ್ಲಿ ‘ಟ’ ಒತ್ತಾಗಿ ಪಕಾರದ ಕೆಳಗೆ ಕೂತಿದೆಯೇ? ಎರಡನೆಯದರಲ್ಲಿ ಅರ್ಕಾವತ್ತು ‘ಕಾ’ ಪಕ್ಕಕ್ಕೆ ಬಂದಿದೆಯೇ? ‘ಸೆಪ್‌ಟೆಂಬರ್‌’, ‘ಸರ್‌ಕಾರಿ’ ಎಂದು ಬಿಡಿಬಿಡಿಯಾಗಿ ಕಂಡರೆ ಆ ಸಂಪಾದಕಕ್ಕೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಫಾಂಟ್‌ ಬದಲಿಸಿ ನೋಡಿ, ಆಗಲೂ ಸರಿಹೋಗದಿದ್ದರೆ ಆ ಸಂಪಾದಕವನ್ನೇ ಬಿಡಿ. ಇಂಗ್ಲಿಷ್‌ ಬರಹಕ್ಕೆ ಚೆನ್ನಾಗಿರುವ ಎಷ್ಟೋ ಉಚಿತ ತಾಣಗಳು ಸೋಲುವುದು ಇಲ್ಲೇ.

ಗಾತ್ರ ಹೊಂದಿಸಲು ನಾನು ಮಾಡಿದ್ದು ಹೀಗೆ. ಹಳದಿ ತುಂಬಿದ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಅದನ್ನು ಮರೆಮಾಡಿದೆ. ಕೆಳಗಿನ ಹಳೆಯ ಸಾಲು ಮತ್ತೆ ಕಂಡಿತು. ‘ಸೆಪ್ಟೆಂಬರ್‌’ ಎಂಬ ಪದ ಹಳೆಯ ಸಾಲಿನಲ್ಲೂ ಇದೆ, ಹೊಸದರಲ್ಲೂ ಇದೆ. ಹೊಸ ಪದವನ್ನು ಹಳೆಯದರ ಮೇಲೆಯೇ ಇಟ್ಟು, ಎರಡರ ತಲೆಕಟ್ಟು ಒಂದೇ ಗೆರೆಗೆ ಬರುವವರೆಗೆ ಗಾತ್ರ ಬದಲಿಸುತ್ತ ಹೋದೆ. ಅಕ್ಷರದ ಬಣ್ಣವನ್ನು ಹಳೆಯ ಅಕ್ಷರದ ದಪ್ಪ ಭಾಗದ ಮಧ್ಯದಿಂದ ಹೀರಿಕೊಂಡೆ, ಅಂಚಿನಿಂದ ತೆಗೆದರೆ ಮಸುಕು ಬಣ್ಣ ಬರುತ್ತದೆ. ನಂತರ ಹಳದಿ ಪದರವನ್ನು ಮತ್ತೆ ತೋರಿಸಿದೆ. ಹಳೆಯ ಅಕ್ಷರಕ್ಕೆ ಬಿಳಿ ಹೊರಗೆರೆ ಇದ್ದುದರಿಂದ Layer ಮೆನುವಿನ Layer Style ಒಳಗೆ Stroke ಆರಿಸಿ, ಎರಡು ಚುಕ್ಕೆ ದಪ್ಪದ ಬಿಳಿ ಗೆರೆ ಕೊಟ್ಟೆ.

ಇಷ್ಟಾದರೂ ಹೊಸ ಸಾಲು ಹಳೆಯದರಂತೆಯೇ ಇರುವುದಿಲ್ಲ. ಅಂಗಡಿಯವರು ಬಳಸಿದ ಫಾಂಟ್‌ ಯಾವುದೆಂದು ಚಿತ್ರ ಹೇಳುವುದಿಲ್ಲ. ಹತ್ತಿರದ್ದನ್ನು ಆರಿಸಬಹುದೇ ಹೊರತು ಅದನ್ನೇ ತರಲಾಗದು. ಅದಕ್ಕಾಗಿಯೇ ಒಂದು ಪದವನ್ನು ಬದಲಿಸುವುದಕ್ಕಿಂತ ಇಡೀ ಸಾಲನ್ನು ಬದಲಿಸುವುದು ಲೇಸು. ಒಂದೇ ಸಾಲಿನಲ್ಲಿ ಎರಡು ಬಗೆಯ ಅಕ್ಷರ ಕಣ್ಣಿಗೆ ಚುಚ್ಚುತ್ತದೆ, ಬೇರೆ ಬೇರೆ ಸಾಲುಗಳಲ್ಲಿದ್ದರೆ ಯಾರೂ ಗಮನಿಸುವುದಿಲ್ಲ.

ಉಳಿಸುವಾಗ

ಮೊದಲು File ಮೆನುವಿನಲ್ಲಿ Save as PSD ಒತ್ತಿ. ಪದರಗಳು ಬೇರೆ ಬೇರೆಯಾಗಿ ಉಳಿದಿರುವ ಈ ಕಡತ ನಿಮ್ಮ ಬಳಿ ಇದ್ದರೆ, ದಿನಾಂಕ ಮತ್ತೊಮ್ಮೆ ಬದಲಾದರೂ ಅಂಕಿಯನ್ನಷ್ಟೇ ತಿದ್ದಿದರೆ ಸಾಕು. ಹಂಚಲು Export as ಒಳಗಿನ PNG ಆರಿಸಿ. JPG ಆಗಿ ಉಳಿಸಿದರೆ ಅಕ್ಷರಗಳ ಸುತ್ತ ಹೊಸ ಪ್ರಭಾವಳಿ ಹುಟ್ಟುತ್ತದೆ.

ಮುದ್ರಿಸುವ ಯೋಚನೆ ಇದ್ದರೆ ಒಂದು ಲೆಕ್ಕ ಹಾಕಿ. ಎ4 ಹಾಳೆಯ ಅಗಲ ಸುಮಾರು 8.3 ಇಂಚು. ನಮ್ಮ ಚಿತ್ರದ 905 ಚುಕ್ಕೆಗಳನ್ನು ಅಷ್ಟಕ್ಕೆ ಹರಡಿದರೆ ಇಂಚಿಗೆ 109 ಚುಕ್ಕೆ ಬರುತ್ತದೆ. ಮುದ್ರಣದವರು ಸಾಮಾನ್ಯವಾಗಿ ಕೇಳುವುದು 300. ಸಂಪಾದಕದಲ್ಲಿ ಚಿತ್ರದ ಗಾತ್ರವನ್ನು ದೊಡ್ಡದು ಮಾಡಿದರೆ ಸಂಖ್ಯೆ ಏರುತ್ತದೆಯೇ ಹೊರತು ಕಳೆದುಹೋದ ವಿವರ ಬರುವುದಿಲ್ಲ. ಮೊಬೈಲ್‌ನಲ್ಲಿ ಹಂಚಲು ಈ ಚಿತ್ರ ಸಾಕು, ಶಾಲೆಯ ಗೇಟಿಗೆ ಕಟ್ಟುವ ಫ್ಲೆಕ್ಸ್‌ಗೆ ಅಂಗಡಿಯವರ ಮೂಲ ಕಡತವೇ ಬೇಕು.

ನಾನು ಬಿಟ್ಟುಬಿಟ್ಟಿದ್ದ ಒಂದು ಸಂಗತಿ ಕೊನೆಗೆ ತಿಳಿಯಿತು. ತಿದ್ದಿದ ಪೋಸ್ಟರ್‌ ಹಳೆಯದರಂತೆಯೇ ಇದ್ದುದರಿಂದ, ಗುಂಪುಗಳಲ್ಲಿ ಅದನ್ನು ಕಂಡ ಹಲವರು ಇದು ಆಗಲೇ ನೋಡಿದ್ದು ಎಂದು ತೆರೆಯಲೇ ಇಲ್ಲ. 14ರ ಬೆಳಿಗ್ಗೆ ಇಬ್ಬರು ಹಿರಿಯರು ಪಕ್ಕದ ಹಳ್ಳಿಯಿಂದ ಬಸ್‌ ಹಿಡಿದು ಬಂದು ಸಮುದಾಯ ಭವನದ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರನ್ನು ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು, ಬಸ್‌ ಹತ್ತಿಸಿ ಬಂದೆ. ಆ ಮಧ್ಯಾಹ್ನವೇ PSD ಕಡತ ತೆರೆದು, ಪೋಸ್ಟರ್‌ನ ನೆತ್ತಿಯ ಮೇಲೆ ಅಗಲಕ್ಕೂ ಒಂದು ಕೆಂಪು ಪಟ್ಟಿ ಎಳೆದು, ಬಿಳಿ ಅಕ್ಷರದಲ್ಲಿ ‘ದಿನಾಂಕ, ಸ್ಥಳ ಬದಲಾಗಿದೆ’ ಎಂದು ಬರೆದು ಮತ್ತೆ ಕಳುಹಿಸಿದೆ.